ಬೋರ್ಡಿನಲ್ಲಿ 46 ಬ್ಯಾಗ್, ಕೊಡಲು ಸಿಗುವುದೆಷ್ಟು?

ಜಿಲ್ಲಾ ಆಸ್ಪತ್ರೆಗಳ ರಕ್ತನಿಧಿಯ ಬಾಗಿಲ ಪಕ್ಕ ಒಂದು ಬೋರ್ಡ್ ಇರುತ್ತದೆ. ಎ, ಬಿ, ಎಬಿ, ಓ ಎಂಬ ನಾಲ್ಕು ಗುಂಪು, ಒಂದೊಂದರಲ್ಲೂ ಪಾಸಿಟಿವ್ ಮತ್ತು ನೆಗೆಟಿವ್, ಹೀಗೆ ಎಂಟು ಸಾಲು. ಪ್ರತಿ ಸಾಲಿನ ಮುಂದೆ ಬೆಳಿಗ್ಗೆ ಬರೆದ ಒಂದು ಸಂಖ್ಯೆ. ಹೆರಿಗೆ ವಾರ್ಡಿನಿಂದ ಚೀಟಿ ಹಿಡಿದು ಓಡಿಬಂದ ಹೆಂಗಸು ಮೊದಲು ನೋಡುವುದು ಅದನ್ನೇ. ಓ ಪಾಸಿಟಿವ್, 46. ಆಕೆಗೆ ಜೀವ ಬಂದಂತಾಗುತ್ತದೆ. ಕಿಟಕಿಯ ಆಚೆ ಇರುವ ಟೆಕ್ನೀಷಿಯನ್ ಮಾತ್ರ, ‘ಡೋನರ್ ಯಾರಾದ್ರೂ ಇದ್ರೆ ಕರ್ಕೊಂಡು ಬನ್ನಿ ಅಮ್ಮಾ’ ಅನ್ನುತ್ತಾರೆ. ‘ಬೋರ್ಡಲ್ಲಿ ಅಷ್ಟು ಬರ್ದಿದೀರಲ್ಲ ಸಾರ್?’ ಎಂದು ಕೇಳಿದರೆ, ‘ಇದೆ, ಆದ್ರೆ ಎಲ್ಲ ಕೊಡೋ ಹಾಗಿಲ್ಲ’ ಎಂಬ ಉತ್ತರ. ದೊಡ್ಡವರಿಗೆಂದು ಎತ್ತಿಟ್ಟಿದ್ದಾರೆ ಎಂಬ ಅನುಮಾನ ಹುಟ್ಟುವುದು ಇಲ್ಲೇ.

ಬಹುತೇಕ ಸಲ ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ. ಆಕೆ ಓದಿದ್ದು ಬೋರ್ಡನ್ನು, ಆತ ಓದುತ್ತಿರುವುದು ಸ್ಟಾಕ್ ರಿಜಿಸ್ಟರನ್ನು. ಬೋರ್ಡಿನ ಒಂದು ಸಂಖ್ಯೆಯೊಳಗೆ ರಿಜಿಸ್ಟರಿನ ಎಷ್ಟೋ ಕಾಲಂಗಳು ಅಡಗಿ ಕೂತಿರುತ್ತವೆ. ಅವನ್ನು ಬಿಡಿಸಿ ನೋಡದೆ ರಕ್ತದ ಕೊರತೆ ಎಂದರೇನೆಂದು ತಿಳಿಯುವುದಿಲ್ಲ.

ರಿಜಿಸ್ಟರಿನಲ್ಲಿ ಒಂದು ಬ್ಯಾಗಿಗೆ ಒಂದು ಸಾಲು. ಬ್ಯಾಗಿನ ನಂಬರು, ಗುಂಪು, ಒಳಗಿರುವುದು ಕೆಂಪು ಕಣಗಳೋ ಪ್ಲಾಸ್ಮಾವೋ ಪ್ಲೇಟ್‌ಲೆಟ್ಟೋ ಎಂಬುದು, ರಕ್ತ ತೆಗೆದ ದಿನಾಂಕ, ಅವಧಿ ಮುಗಿಯುವ ದಿನಾಂಕ, ಪರೀಕ್ಷೆಗಳ ಫಲಿತಾಂಶ, ಕೊನೆಗೆ ಅದು ಯಾವ ರೋಗಿಗೆ ಹೋಯಿತು ಅಥವಾ ಯಾಕೆ ಎಸೆಯಲಾಯಿತು ಎಂಬ ಟಿಪ್ಪಣಿ. ನಮ್ಮ ದೇಶದಲ್ಲಿ ರಕ್ತ ಔಷಧ ಕಾನೂನಿನ ಅಡಿಗೆ ಬರುತ್ತದೆ. ಆದ್ದರಿಂದ ಈ ದಾಖಲೆ ಇಡುವುದು ಕಡ್ಡಾಯ, ಐದು ವರ್ಷ ಕಾಯ್ದಿಡುವುದೂ ಕಡ್ಡಾಯ. ಈಗ ಹೆಚ್ಚಿನ ಕಡೆ ಇದು ಕಂಪ್ಯೂಟರಿನಲ್ಲಿದೆ. ಕೇಂದ್ರ ಆರೋಗ್ಯ ಇಲಾಖೆಯ ಇ-ರಕ್ತಕೋಶ ಜಾಲತಾಣದಲ್ಲಿ ಯಾವ ಊರಿನ ರಕ್ತನಿಧಿಯಲ್ಲಿ ಯಾವ ಗುಂಪಿನದು ಎಷ್ಟಿದೆ ಎಂದು ಯಾರು ಬೇಕಾದರೂ ನೋಡಬಹುದು. ಆದರೆ ಅಲ್ಲಿ ಕಾಣುವುದೂ ಕೊನೆಗೆ ಒಬ್ಬ ಟೆಕ್ನೀಷಿಯನ್ ತನ್ನ ಪಾಳಿಯಲ್ಲಿ ತುಂಬಿಸಿದ ಸಾಲುಗಳೇ.

ಆ 46 ಬ್ಯಾಗುಗಳನ್ನೇ ಬಿಡಿಸೋಣ. ಇದು ಲೆಕ್ಕ ತೋರಿಸಲು ನಾನು ಕಟ್ಟಿಕೊಂಡ ಉದಾಹರಣೆ. ಮಧ್ಯಮ ಗಾತ್ರದ ಯಾವ ಜಿಲ್ಲಾ ರಕ್ತನಿಧಿಯಲ್ಲಾದರೂ ಇಂಥದ್ದೇ ಚಿತ್ರ ಸಿಗುತ್ತದೆ.

46ರಲ್ಲಿ 6 ಬ್ಯಾಗ್ ಇವತ್ತು ತೆಗೆದವು. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ, ಈ ಐದು ಪರೀಕ್ಷೆ ಮುಗಿಯುವವರೆಗೆ ಅವು ಬೇರೆಯೇ ಫ್ರಿಜ್ಜಿನಲ್ಲಿ ಇರಬೇಕು. ಬ್ಯಾಗು ಕಣ್ಣೆದುರಿಗೇ ಇದ್ದರೂ ಅದು ಸ್ಟಾಕ್ ಅಲ್ಲ. ಇನ್ನು 9 ಬ್ಯಾಗ್ ಕ್ರಾಸ್‌ಮ್ಯಾಚ್ ಆದವು. ಅಂದರೆ ನಾಳೆ ಆಪರೇಷನ್ ಆಗಲಿರುವ ರೋಗಿಯ ರಕ್ತದ ಮಾದರಿಯ ಜೊತೆ ಬೆರೆಸಿ ನೋಡಿ, ಹೊಂದುತ್ತದೆ ಎಂದು ಖಾತ್ರಿ ಮಾಡಿಕೊಂಡು, ಆ ರೋಗಿಯ ಹೆಸರಿನ ಟ್ಯಾಗ್ ಕಟ್ಟಿಟ್ಟವು. ಉಳಿದದ್ದು 31.

ಈ ಟ್ಯಾಗ್ ಕಟ್ಟಿದ ಬ್ಯಾಗುಗಳ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಕೊರತೆಯ ದೊಡ್ಡ ಪಾಲು ಇಲ್ಲಿ ಹುಟ್ಟುತ್ತದೆ. ಎಚ್ಚರಿಕೆಗಿರಲಿ ಎಂದು ಸರ್ಜನ್ 4 ಬ್ಯಾಗ್ ಕೇಳುತ್ತಾರೆ, ಬಳಸುವುದು ಒಂದು. ಮಿಕ್ಕ ಮೂರು ಎರಡು ಮೂರು ದಿನ ಆ ಹೆಸರಿನಲ್ಲೇ ಕೂತಿರುತ್ತವೆ. ಅಷ್ಟರಲ್ಲಿ ಅವುಗಳ ಆಯಸ್ಸು ಎರಡು ಮೂರು ದಿನ ಕಡಿಮೆಯಾಗಿರುತ್ತದೆ. ಹೀಗೆ ನಾಲ್ಕೈದು ರೋಗಿಗಳ ಹೆಸರಿನಲ್ಲಿ ಸುತ್ತಿ ಬಂದ ಬ್ಯಾಗು ಯಾರ ಮೈಗೂ ಸೇರದೆ ಕೊನೆಯ ದಿನ ತಲುಪುವುದುಂಟು. ಒಂದು ಬ್ಯಾಗ್ ಬಳಕೆಯಾಗಲು ಎಷ್ಟು ಬ್ಯಾಗ್ ಕ್ರಾಸ್‌ಮ್ಯಾಚ್ ಮಾಡಬೇಕಾಯಿತು ಎಂಬ ಲೆಕ್ಕವನ್ನು ಒಳ್ಳೆಯ ರಕ್ತನಿಧಿಗಳು ತಿಂಗಳು ತಿಂಗಳು ತೆಗೆಯುತ್ತವೆ. ಅದು ಎರಡು ಎರಡೂವರೆಯನ್ನು ದಾಟಿದರೆ ವಾರ್ಡುಗಳು ಬೇಕಾದ್ದಕ್ಕಿಂತ ಹೆಚ್ಚು ಕಟ್ಟಿಹಾಕುತ್ತಿವೆ ಎಂದೇ ಅರ್ಥ. ಟ್ಯಾಗಿನ ಮೇಲೆ ರೋಗಿಯ ಹೆಸರಿನ ಜೊತೆ ‘ಈ ದಿನ ಈ ಹೊತ್ತಿಗೆ ಬಿಡುಗಡೆ’ ಎಂದು ಬರೆಯುವ ಪದ್ಧತಿ ಇದ್ದರೆ ಸಾಕು, ಎಷ್ಟೋ ಬ್ಯಾಗುಗಳು ಹೊತ್ತಿಗೆ ಸರಿಯಾಗಿ ಸ್ಟಾಕಿಗೆ ಮರಳುತ್ತವೆ.

ಈಗ ದಿನಾಂಕದ ಕಾಲಂ. ಸಂಗ್ರಹಿಸುವ ಬ್ಯಾಗಿನಲ್ಲಿ ರಕ್ತ ಹೆಪ್ಪುಗಟ್ಟದಂತೆ, ಕಣಗಳಿಗೆ ಆಹಾರವೂ ಸಿಗುವಂತೆ ಒಂದು ದ್ರವ ಮೊದಲೇ ಇರುತ್ತದೆ. ಅದು ಸಿಪಿಡಿಎ ಎಂಬುದಾದರೆ ಕೆಂಪು ಕಣಗಳಿಗೆ 35 ದಿನದ ಆಯಸ್ಸು. ಪ್ಲಾಸ್ಮಾ ಬೇರ್ಪಡಿಸಿ ಸ್ಯಾಗ್‌ಎಂ ಎಂಬ ಇನ್ನೊಂದು ದ್ರವ ಸೇರಿಸಿದರೆ 42 ದಿನ. ಎರಡೂ 2ರಿಂದ 6 ಡಿಗ್ರಿ ಚಳಿಯಲ್ಲಿ ಇರಬೇಕು. ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸಿಟ್ಟರೆ ಒಂದು ವರ್ಷ ಬರುತ್ತದೆ. ಪ್ಲೇಟ್‌ಲೆಟ್ ಮಾತ್ರ ಐದೇ ದಿನ, ಅದೂ ಫ್ರಿಜ್ಜಿನಲ್ಲಲ್ಲ, 20ರಿಂದ 24 ಡಿಗ್ರಿಯಲ್ಲಿ ಸದಾ ಅಲುಗಾಡಿಸುತ್ತಿರುವ ಯಂತ್ರದ ತಟ್ಟೆಯ ಮೇಲೆ.

ತಪ್ಪು ನುಸುಳುವುದು ಸಾಮಾನ್ಯವಾಗಿ ಇಲ್ಲಿಯೇ. 35 ದಿನದ ಬ್ಯಾಗಿಗೆ 42 ದಿನ ಎಣಿಸಿ ದಿನಾಂಕ ಬರೆದರೆ, ಅವಧಿ ಮೀರಿದ ರಕ್ತ ಒಂದು ವಾರ ಒಳ್ಳೆಯ ಸ್ಟಾಕಿನಲ್ಲಿ ಇರುತ್ತದೆ. ಇದನ್ನು ಹಿಡಿಯುವುದು ಕಷ್ಟವಲ್ಲ. ಎರಡು ದಿನಾಂಕಗಳ ನಡುವಿನ ಅಂತರ 5, 35, 42 ಅಥವಾ ಒಂದು ವರ್ಷ ಬಿಟ್ಟು ಬೇರೇನಾದರೂ ಇದ್ದರೆ ಆ ಸಾಲನ್ನು ನಿಲ್ಲಿಸಿ ನೋಡಬೇಕು. ಅಂತರ 42 ಇದ್ದರೆ, ಬ್ಯಾಗಿನಲ್ಲಿ ಸ್ಯಾಗ್‌ಎಂ ಇದೆ ಎಂದು ಪಕ್ಕದ ಕಾಲಂ ಹೇಳುತ್ತಿದೆಯೇ ಎಂದು ನೋಡಬೇಕು. ಒಮ್ಮೆ ಬರೆದ ದಿನಾಂಕವೂ ಕಾಯಂ ಅಲ್ಲ. ಪ್ಲಾಸ್ಮಾವನ್ನು ಕರಗಿಸಿದ ಕ್ಷಣದಿಂದ ಅದರ ಒಂದು ವರ್ಷ ಒಂದು ದಿನಕ್ಕೆ ಇಳಿಯುತ್ತದೆ. ಕೆಂಪು ಕಣಗಳನ್ನು ತೊಳೆಯಲು ಬ್ಯಾಗ್ ತೆರೆದರೆ ಅವಕ್ಕೂ 24 ಗಂಟೆ ಅಷ್ಟೇ. ಹಾಗೆಯೇ ವಾರ್ಡಿಗೆ ಹೋಗಿ ಬಳಸದೆ ವಾಪಸ್ ಬಂದ ಬ್ಯಾಗು: ಚಳಿಯಿಂದ ಹೊರಗೆ ಅರ್ಧ ಗಂಟೆಗಿಂತ ಹೆಚ್ಚು ಇದ್ದರೆ ಅದನ್ನು ಸ್ಟಾಕಿಗೆ ಸೇರಿಸುವ ಹಾಗಿಲ್ಲ, ಮುಗಿಯುವ ದಿನಾಂಕ ಎಷ್ಟೇ ದೂರ ಇರಲಿ. ಕಂಪ್ಯೂಟರಿನಲ್ಲಿ ‘ರಿಟರ್ನ್’ ಒತ್ತುವ ಮುನ್ನ ಹೊರಗೆ ಹೋದ ಹೊತ್ತನ್ನು ನೋಡದಿದ್ದರೆ ರಿಜಿಸ್ಟರಿನ ಎಣಿಕೆ ಸರಿಯಾಗಿಯೇ ಇರುತ್ತದೆ, ರಕ್ತ ಕೆಟ್ಟಿರುತ್ತದೆ.

ಫ್ರಿಜ್ಜಿನೊಳಗೆ ಒಂದೊಂದು ಗುಂಪಿಗೂ ಬೇರೆ ಬೇರೆ ತಟ್ಟೆ. ಬೇಗ ಮುಗಿಯುವ ಬ್ಯಾಗು ಮುಂದೆ, ತಡವಾಗಿ ಮುಗಿಯುವುದು ಹಿಂದೆ. ಯಾವುದು ಮೊದಲು ಬಂತು ಎಂಬುದಕ್ಕಿಂತ ಯಾವುದು ಮೊದಲು ಮುಗಿಯುತ್ತದೆ ಎಂಬುದೇ ಮುಖ್ಯ. ಮೊನ್ನೆ ಬಂದ 35 ದಿನದ ಬ್ಯಾಗು, ಐದು ದಿನ ಮುಂಚೆ ಬಂದ 42 ದಿನದ ಬ್ಯಾಗಿಗಿಂತ ಮೊದಲೇ ಮುಗಿಯುತ್ತದೆ. ಈ ನಿಯಮಕ್ಕೆ ಹೊರತಾದವರೂ ಇದ್ದಾರೆ. ಬ್ಯಾಗಿನಲ್ಲಿ ರಕ್ತ ಹಳೆಯದಾದಂತೆ ಕಣಗಳಿಂದ ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ಹುಟ್ಟಿದ ಮಗುವಿನ ರಕ್ತವನ್ನೇ ಬದಲಿಸಬೇಕಾದಾಗ ಅದು ಅಪಾಯ, ಹಾಗಾಗಿ ಅಂಥ ಮಗುವಿಗೆ ಕೆಲವೇ ದಿನದ ಹೊಸ ರಕ್ತ ಬೇಕು. ಜೀವನವಿಡೀ ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳುವ ತಲಸ್ಸೀಮಿಯಾ ಮಕ್ಕಳಿಗೂ ಹೊಸದೇ ಒಳ್ಳೆಯದು, ಮೈಯಲ್ಲಿ ಹೆಚ್ಚು ದಿನ ಉಳಿಯುತ್ತದೆ.

ಈಗ ವಾರದ ಎಚ್ಚರಿಕೆಗೆ ಬರೋಣ. ಎಷ್ಟೋ ಕಡೆ ಇದನ್ನು ಸೋಮವಾರ ಬೆಳಿಗ್ಗೆ ಕಳುಹಿಸುತ್ತಾರೆ, ವಾರದ ಮೊದಲ ದಿನ ಎಂಬ ಒಂದೇ ಕಾರಣಕ್ಕೆ. ನನಗೆ ಬುಧವಾರ ಸಂಜೆ ಹೆಚ್ಚು ಸರಿ ಎನಿಸುತ್ತದೆ. ರಕ್ತದಾನ ಶಿಬಿರಗಳು ಬಹುತೇಕ ಭಾನುವಾರ ನಡೆಯುತ್ತವೆ. ಭಾನುವಾರ ತೆಗೆದ ರಕ್ತ ಪರೀಕ್ಷೆ ಮುಗಿಸಿ, ಕಣಗಳು ಬೇರ್ಪಟ್ಟು, ರೋಗಿಗೆ ಕೊಡಲು ಸಿದ್ಧವಾಗುವುದು ಮಂಗಳವಾರ ಬೆಳಿಗ್ಗೆಗೆ. ಶಿಬಿರ ನಡೆಸುವವರಿಗೆ ಜನರನ್ನು ಸೇರಿಸಲು ಮೂರು ದಿನವಾದರೂ ಬೇಕು. ಹಾಗಾಗಿ ಬುಧವಾರ ಸಂಜೆ ಕೇಳಬೇಕಾದ ಪ್ರಶ್ನೆ, ಮಂಗಳವಾರ ಬೆಳಿಗ್ಗೆ ಎಷ್ಟು ಉಳಿದಿರುತ್ತದೆ ಎಂಬುದು. ಈವತ್ತು ಎಷ್ಟಿದೆ ಎಂಬುದು ಅದಕ್ಕೆ ಬೇಕಾದ ಕಚ್ಚಾ ಮಾಹಿತಿ ಮಾತ್ರ.

ನಮ್ಮ ಉದಾಹರಣೆಯ ರಕ್ತನಿಧಿಯಲ್ಲಿ ಕಳೆದ ನಾಲ್ಕು ವಾರದ ಸರಾಸರಿಯಂತೆ ದಿನಕ್ಕೆ 5 ಬ್ಯಾಗ್ ಓ ಪಾಸಿಟಿವ್ ಹೋಗುತ್ತದೆ. ಗುರುವಾರದಿಂದ ಸೋಮವಾರದವರೆಗೆ ಐದು ದಿನ, 25 ಬ್ಯಾಗ್. ಟ್ಯಾಗ್ ಕಟ್ಟಿದವೂ ಈ 25ರೊಳಗೇ ಬರುತ್ತವೆ. ಪರೀಕ್ಷೆಗಿರುವ 6 ಬ್ಯಾಗೂ ಪಾಸಾದವು ಎಂದುಕೊಂಡರೆ ಮಂಗಳವಾರ ಬೆಳಿಗ್ಗೆ ಉಳಿಯುವುದು 21. ಅದು ನಾಲ್ಕು ದಿನದ ಮಾತು. ಒಂದು ವಾರಕ್ಕೆ ಸಾಲುವಷ್ಟು, ಅಂದರೆ 35 ಬ್ಯಾಗ್, ಯಾವಾಗಲೂ ಇರಬೇಕು ಎಂಬುದು ಆ ಕೇಂದ್ರ ಹಾಕಿಕೊಂಡ ಗೆರೆಯಾದರೆ, 14 ಕಡಿಮೆ. ಎಚ್ಚರಿಕೆಯಲ್ಲಿ ಹೋಗಬೇಕಾದದ್ದು ಈ 14 ಎಂಬ ಸಂಖ್ಯೆ. ದಕ್ಷಿಣ ಭಾರತದಲ್ಲಿ ಸುಮಾರು ಹತ್ತರಲ್ಲಿ ನಾಲ್ವರು ಓ ಗುಂಪಿನವರು. 60 ಜನ ಬರುವ ಶಿಬಿರ ಭಾನುವಾರ ಮೊದಲೇ ಗೊತ್ತಾಗಿದ್ದರೆ ಅದರಲ್ಲೇ 20 ಬ್ಯಾಗಿನ ಸುತ್ತಮುತ್ತ ಓ ಪಾಸಿಟಿವ್ ಸಿಗುತ್ತದೆ, ಬೇರೆ ಮನವಿಯೇ ಬೇಡ. ಶಿಬಿರ ಇಲ್ಲದ ಭಾನುವಾರವಾದರೆ ಆಗ ದಾನಿಗಳ ಪಟ್ಟಿ ತೆಗೆದು ಫೋನ್ ಹಚ್ಚಬೇಕು.

ಅದೇ ಬೋರ್ಡಿನಲ್ಲಿ ಎಬಿ ಪಾಸಿಟಿವ್ ಮುಂದೆ 11 ಎಂದಿದೆ ಅನ್ನಿ. ವಾರಕ್ಕೆ ಹೋಗುವುದು ಮೂರೋ ನಾಲ್ಕೋ. ಭಾಗಿಸಿ ನೋಡಿದರೆ ಮೂರು ವಾರಕ್ಕೆ ಸಾಕು, ಚಿಂತೆಯಿಲ್ಲ. ದಿನಾಂಕದ ಕಾಲಂ ನೋಡಿದರೆ 11ರಲ್ಲಿ 7 ಬ್ಯಾಗ್ ಇದೇ ಭಾನುವಾರ ಮಧ್ಯರಾತ್ರಿಗೆ ಮುಗಿಯುತ್ತವೆ. ಅಷ್ಟರೊಳಗೆ ಬಳಕೆಯಾಗುವುದು ಹೆಚ್ಚೆಂದರೆ ಎರಡು. ಐದು ಬ್ಯಾಗ್ ಎಸೆಯಬೇಕು, ಸೋಮವಾರ ಕೈಯಲ್ಲಿ ಉಳಿಯುವುದು ನಾಲ್ಕು. ಮೂರು ವಾರದ ಸ್ಟಾಕ್ ಎಂದದ್ದು ಒಂದೇ ವಾರದ್ದು. ಗುಂಪಿನ ಎಣಿಕೆಯೊಂದನ್ನೇ ಇಟ್ಟುಕೊಂಡವರಿಗೆ ಇದು ಕಾಣುವುದೇ ಇಲ್ಲ. ಗುಂಪು ಅಡ್ಡಕ್ಕೆ, ಮುಗಿಯುವ ದಿನ ಉದ್ದಕ್ಕೆ ಇರುವ ಕೋಷ್ಟಕ ಬರೆದರೆ ಬುಧವಾರವೇ ಕಣ್ಣಿಗೆ ಹೊಡೆಯುತ್ತದೆ. ಆಗ ಮಾಡಬಹುದಾದ ಕೆಲಸವೂ ಇದೆ. ದಿನಕ್ಕೆ ಹತ್ತಾರು ಆಪರೇಷನ್ ನಡೆಯುವ ದೊಡ್ಡ ಆಸ್ಪತ್ರೆಯ ರಕ್ತನಿಧಿಗೆ ಫೋನ್ ಮಾಡಿ, ಆ ಐದು ಬ್ಯಾಗನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಗುರುವಾರವೇ ಕಳುಹಿಸುವುದು. ಒಂದು ರಕ್ತನಿಧಿಯಿಂದ ಇನ್ನೊಂದಕ್ಕೆ ಹೀಗೆ ಸಾಗಿಸಲು ಅನುಮತಿ ಇದೆ. ಶನಿವಾರ ನೆನಪಾದರೆ ತೆಗೆದುಕೊಳ್ಳುವವರು ಇರುವುದಿಲ್ಲ.

ಎಬಿ ಬ್ಯಾಗುಗಳೇ ಹೆಚ್ಚಾಗಿ ಹೀಗೆ ಮುಗಿದುಹೋಗುವುದಕ್ಕೆ ಕಾರಣವಿದೆ. ಎಬಿ ಗುಂಪಿನ ಕೆಂಪು ಕಣವನ್ನು ಎಬಿ ರೋಗಿಗೆ ಬಿಟ್ಟು ಬೇರೆ ಯಾರಿಗೂ ಕೊಡಲಾಗದು. ಎಬಿ ರೋಗಿಗೆ ಮಾತ್ರ ತುರ್ತಿನಲ್ಲಿ ಎ, ಬಿ, ಓ ಯಾವುದಾದರೂ ಆಗುತ್ತದೆ. ಓ ಕಥೆ ಇದರ ತಿರುವುಮುರುವು. ಅದರ ಕೆಂಪು ಕಣ ಎಲ್ಲ ಗುಂಪಿನವರಿಗೂ ಆಗುತ್ತದೆ, ಓ ರೋಗಿಗೆ ಮಾತ್ರ ಓ ಬಿಟ್ಟು ಇನ್ನೇನೂ ಆಗದು. ಹೀಗಿರುವಾಗ ಎಂಟೂ ಗುಂಪಿಗೆ ಒಂದೇ ಅಳತೆಯ ಗೆರೆ ಎಳೆಯುವುದು ಸರಿಯಲ್ಲ. ಎಬಿ ಪಾಸಿಟಿವ್ ಮೂರು ದಿನಕ್ಕೆ ಇಳಿದರೂ ದಾರಿಯಿದೆ. ಓ ಮೂರು ದಿನಕ್ಕೆ ಇಳಿದರೆ ಆ ಊರಿನ ಎಲ್ಲ ರೋಗಿಗಳ ಹಿಂದಿನ ಆಸರೆಯೇ ಇಳಿದಂತೆ.

ನೆಗೆಟಿವ್ ಗುಂಪುಗಳಲ್ಲಿ ಸರಾಸರಿಯ ಲೆಕ್ಕವೇ ಕೈಕೊಡುತ್ತದೆ. ನಮ್ಮಲ್ಲಿ ಎಲ್ಲ ನೆಗೆಟಿವ್ ಗುಂಪು ಸೇರಿಸಿದರೂ ನೂರಕ್ಕೆ ಸುಮಾರು ಐದು ಜನ. ಓ ನೆಗೆಟಿವ್ 3 ಬ್ಯಾಗ್ ಇದೆ, ವಾರಕ್ಕೆ ಎರಡು ಹೋಗುತ್ತದೆ, ಹತ್ತು ದಿನಕ್ಕೆ ಸಾಕು ಎಂದು ಕಾಗದ ಹೇಳುತ್ತದೆ. ಆದರೆ ಓ ನೆಗೆಟಿವ್ ತಾಯಿಗೆ ಹೆರಿಗೆಯ ನಂತರ ರಕ್ತಸ್ರಾವ ನಿಲ್ಲದಿದ್ದರೆ ಆ ಮೂರೂ ಒಂದೇ ಗಂಟೆಯಲ್ಲಿ ಮುಗಿಯುತ್ತವೆ. ಇಲ್ಲಿ ಗೆರೆಯನ್ನು ಸರಾಸರಿಯಿಂದ ಎಳೆಯದೆ, ಒಬ್ಬ ರೋಗಿಗೆ ಒಂದು ರಾತ್ರಿಯಲ್ಲಿ ಎಷ್ಟು ಬೇಕಾದೀತು ಎಂಬುದರಿಂದ ಎಳೆಯಬೇಕು. ನಾಲ್ಕು ಅಥವಾ ಐದು ಬ್ಯಾಗ್ ಎಂದು ನಿಗದಿ ಮಾಡಿ, ಅದಕ್ಕಿಂತ ಒಂದು ಇಳಿದರೂ ವಾರ ಕಾಯದೆ ಅದೇ ದಿನ ಫೋನ್ ಮಾಡುವುದು ಸುರಕ್ಷಿತ. ಬೋರ್ಡಿನ ಎಂಟು ಸಾಲಿಗೂ ಸೇರದ ಒಂದು ಗುಂಪೂ ಇದೆ. 1952ರಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಅವರ ಸಹೋದ್ಯೋಗಿಗಳು ಗುರುತಿಸಿದ ಬಾಂಬೆ ಗುಂಪು. ಸಾಮಾನ್ಯ ಪರೀಕ್ಷೆಯಲ್ಲಿ ಅದು ಓ ಎಂದೇ ಕಾಣುತ್ತದೆ, ಆದರೆ ಯಾವ ಓ ಬ್ಯಾಗಿನ ಜೊತೆಗೂ ಹೊಂದುವುದಿಲ್ಲ. ಅಷ್ಟು ಅಪರೂಪದ ರಕ್ತವನ್ನು ಫ್ರಿಜ್ಜಿನಲ್ಲಿ ತುಂಬಿಟ್ಟು ಕಾಯುವ ಬದಲು, ದಾನಿಗಳ ಫೋನ್ ನಂಬರುಗಳ ಪಟ್ಟಿ ಇಟ್ಟುಕೊಂಡಿರುತ್ತಾರೆ. ಅಲ್ಲಿ ಆ ಪಟ್ಟಿಯೇ ಸ್ಟಾಕ್.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಎಚ್ಚರಿಕೆಯ ಸಂದೇಶ ಹೇಗಿರಬೇಕು? ‘ರಕ್ತದ ತೀವ್ರ ಕೊರತೆ ಇದೆ, ದಯವಿಟ್ಟು ಎಲ್ಲರೂ ದಾನ ಮಾಡಿ’ ಎಂಬ ವಾಟ್ಸ್ಆ್ಯಪ್ ಸಂದೇಶ ನಮಗೆಲ್ಲ ಬಂದಿದೆ. ಅದರಲ್ಲಿ ದಿನಾಂಕವಿರುವುದಿಲ್ಲ, ಗುಂಪಿರುವುದಿಲ್ಲ, ಎಷ್ಟೆಂದು ಇರುವುದಿಲ್ಲ. ಆರು ತಿಂಗಳ ನಂತರವೂ ಅದು ಊರೂರು ಸುತ್ತುತ್ತಲೇ ಇರುತ್ತದೆ. ಅದರ ಬದಲು ಹೀಗೆ ಬರೆಯಬಹುದು: ‘ಈ ಭಾನುವಾರದೊಳಗೆ ಓ ಪಾಸಿಟಿವ್ ದಾನಿಗಳು 14 ಮಂದಿ, ಓ ನೆಗೆಟಿವ್ ಇಬ್ಬರು ಬೇಕು. ಎಬಿ ಗುಂಪಿನವರು ಈ ವಾರ ಬರುವುದು ಬೇಡ, ನಾವೇ ಕರೆಯುತ್ತೇವೆ. ಈ ಸಂದೇಶ ಭಾನುವಾರ ಸಂಜೆ 5ಕ್ಕೆ ಮುಗಿಯುತ್ತದೆ.’ ರಕ್ತಕ್ಕೆ ಇರುವಂತೆ ಸಂದೇಶಕ್ಕೂ ಮುಗಿಯುವ ದಿನಾಂಕ ಇರಲೇಬೇಕು.

ಗುಂಪು ಹೇಳದ ಮನವಿಯಿಂದ ಆಗುವ ನಷ್ಟ ಕೂಡಲೇ ಕಾಣುವುದಿಲ್ಲ, ಒಂದು ತಿಂಗಳ ಮೇಲೆ ಕಾಣುತ್ತದೆ. ಆಗಸ್ಟ್ 15ರಂದು ನಮ್ಮ ಊರುಗಳಲ್ಲಿ ದೊಡ್ಡ ದೊಡ್ಡ ಶಿಬಿರ ನಡೆಯುತ್ತವೆ. ಅವತ್ತು ತೆಗೆದ 35 ದಿನದ ಬ್ಯಾಗುಗಳೆಲ್ಲ ಸೆಪ್ಟೆಂಬರ್ 19ರಂದು ಒಟ್ಟಿಗೇ ಮುಗಿಯುತ್ತವೆ. ದಿನಕ್ಕೆ ಹತ್ತು ಹನ್ನೆರಡು ಬ್ಯಾಗ್ ಖರ್ಚಾಗುವ ರಕ್ತನಿಧಿಯಲ್ಲಿ ಒಂದೇ ದಿನ 400 ಬ್ಯಾಗ್ ಸೇರಿದರೆ, ಮೊದಲಿದ್ದ ಸ್ಟಾಕ್ ಮುಗಿಸಿ ಇವನ್ನೂ ಮುಗಿಸುವುದು ಆಗದ ಮಾತು. ಇನ್ನೊಂದು ಕಡೆ, ಆ ದಿನ ಕೊಟ್ಟ ಗಂಡಸರು 90 ದಿನ, ಅಂದರೆ ನವೆಂಬರ್ 13ರವರೆಗೆ ಮತ್ತೆ ಕೊಡುವಂತಿಲ್ಲ. ಹೆಂಗಸರಿಗೆ 120 ದಿನ, ಡಿಸೆಂಬರ್ 13. ಹಾಗಾಗಿ ಸೆಪ್ಟೆಂಬರ್ ಕೊನೆಗೆ ಫ್ರಿಜ್ಜೂ ಖಾಲಿ, ಕರೆಯಲು ದಾನಿಗಳೂ ಇಲ್ಲ. ಅಮೆರಿಕದಲ್ಲಿ 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಜನ ರಕ್ತ ಕೊಡಲು ಸಾಲುಗಟ್ಟಿ ನಿಂತರು. ಗಾಯಾಳುಗಳಿಗೆ ಬೇಕಾದದ್ದು ಅದರಲ್ಲಿ ಬಹಳ ಸ್ವಲ್ಪ, ಸಾಕಷ್ಟು ಬ್ಯಾಗುಗಳು ಅವಧಿ ಮುಗಿದು ವ್ಯರ್ಥವಾದವು. ಶಿಬಿರ ನಡೆಸುವ ಸಂಘಗಳಿಗೆ ನನ್ನ ಕೋರಿಕೆ ಇಷ್ಟೇ: ಹೆಸರು ಬರೆಸಿದ 400 ಜನರಲ್ಲಿ 100 ಮಂದಿ ಅವತ್ತು ಕೊಡಲಿ, ಉಳಿದವರಿಗೆ ಮುಂದಿನ ವಾರಗಳ ದಿನಾಂಕ ಹಂಚಿ. ಸಂಭ್ರಮ ಕೊಂಚ ಕಡಿಮೆಯಾದೀತು, ಎಸೆಯುವ ಬ್ಯಾಗೂ ಕಡಿಮೆಯಾಗುತ್ತದೆ. ಏಪ್ರಿಲ್, ಮೇ ತಿಂಗಳಿಗಂತೂ ಇದು ಬೇಕೇ ಬೇಕು. ಕಾಲೇಜುಗಳಿಗೆ ಪರೀಕ್ಷೆ, ಆಮೇಲೆ ರಜೆ. ಶಿಬಿರಗಳ ದೊಡ್ಡ ಆಧಾರವೇ ವಿದ್ಯಾರ್ಥಿಗಳಾದ್ದರಿಂದ ಆಗ ಎಲ್ಲ ಗುಂಪುಗಳೂ ಒಟ್ಟಿಗೆ ಇಳಿಯುತ್ತವೆ.

ವಾರದ ಎಚ್ಚರಿಕೆ ಕೆಲಸಕ್ಕೆ ಬಾರದ ಜಾಗವೂ ಒಂದಿದೆ, ಪ್ಲೇಟ್‌ಲೆಟ್. ಐದು ದಿನದ ಆಯಸ್ಸಿನಲ್ಲಿ ಒಂದು ದಿನ ಪರೀಕ್ಷೆಗೇ ಹೋಗುತ್ತದೆ. ಬುಧವಾರ ಎಣಿಸಿದ ಒಂದೂ ಬ್ಯಾಗು ಮುಂದಿನ ಬುಧವಾರಕ್ಕೆ ಇರುವುದಿಲ್ಲ. ಮಳೆಗಾಲದಲ್ಲಿ ಡೆಂಗಿ ಏರಿದಾಗ ಬೆಳಿಗ್ಗೆ ಇದ್ದದ್ದು ಸಂಜೆಗೆ ಖಾಲಿ. ಅದಕ್ಕೆ ದಿನಕ್ಕೆ ಎರಡು ಬಾರಿ ಎಣಿಕೆ, ಜೊತೆಗೆ ಕರೆದ ಕೂಡಲೇ ಬಂದು ಯಂತ್ರದ ಮೂಲಕ ಪ್ಲೇಟ್‌ಲೆಟ್ ಮಾತ್ರ ಕೊಟ್ಟು ಹೋಗುವ ದಾನಿಗಳ ಪಟ್ಟಿ, ಇವೇ ದಾರಿ. ಕೆಂಪು ಕಣಕ್ಕೆ ಮಾಡಿದ ಕೋಷ್ಟಕದಲ್ಲೇ ಪ್ಲೇಟ್‌ಲೆಟ್ಟಿಗೂ ಒಂದು ಸಾಲು ಸೇರಿಸಿ ವಾರಕ್ಕೊಮ್ಮೆ ಕಳುಹಿಸಿದರೆ, ಓದುವವರಿಗೆ ಸಿಗುವುದು ಹಳೆಯ ಸುದ್ದಿ.

ಕೊನೆಯದಾಗಿ, ಈ ಎಚ್ಚರಿಕೆ ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆ. ರಿಜಿಸ್ಟರಿನ ಪಕ್ಕದಲ್ಲಿ ಎರಡು ಕಾಲಂ ಸಾಕು. ಬುಧವಾರ ಅಂದಾಜು ಮಾಡಿದ್ದು ಎಷ್ಟು, ಮಂಗಳವಾರ ಬೆಳಿಗ್ಗೆ ಫ್ರಿಜ್ಜು ತೆಗೆದು ಕೈಯಿಂದ ಎಣಿಸಿದಾಗ ಇದ್ದದ್ದು ಎಷ್ಟು. ಅಂದಾಜು 21 ಇದ್ದು ಎಣಿಕೆ 12 ಬಂದರೆ, ಒಂದೋ ಭಾನುವಾರ ದೊಡ್ಡ ಅಪಘಾತವಾಗಿದೆ, ಇಲ್ಲವೇ ಇಶ್ಯೂ ಮಾಡಿದ ಬ್ಯಾಗುಗಳನ್ನು ರಾತ್ರಿ ಪಾಳಿಯಲ್ಲಿ ಕಳೆಯುವುದು ಮರೆತುಹೋಗಿದೆ. ಅಪಘಾತ ಆಗಿದ್ದರೆ ಕಾಷುಯಲ್ಟಿಯ ಪುಸ್ತಕದಲ್ಲಿ ಅದು ಇರುತ್ತದೆ. ಅಲ್ಲಿ ಏನೂ ಇಲ್ಲದಿದ್ದರೆ ಆ ರಾತ್ರಿಯ ಕ್ರಾಸ್‌ಮ್ಯಾಚ್ ಪುಸ್ತಕವನ್ನೂ ಇಶ್ಯೂ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ಬ್ಯಾಗ್ ನಂಬರುಗಳನ್ನು ಒಂದೊಂದಾಗಿ ತಾಳೆ ನೋಡಬೇಕು; ಕಾಣೆಯಾದ ಒಂಬತ್ತು ಯಾವ ಯಾವ ವಾರ್ಡಿಗೆ ಹೋದವು ಎಂಬುದು ಅಲ್ಲೇ ಸಿಗುತ್ತದೆ.